ಕೆಲಸ ಮುಗಿದ ಮೇಲೆ ಕೇಸ್ ಸ್ಟಡಿ: ಕ್ಲೈಂಟ್ ಹತ್ತಿರ ಅನುಮತಿ ಕೇಳುವುದು ಹೇಗೆ, ಒಪ್ಪಿಗೆ ದಾಖಲಿಸುವುದು ಹೇಗೆ

"ಅಯ್ಯೋ, ಹಾಕ್ಕೊಳ್ಳಿ ಸಾರ್, ಅದಕ್ಕೂ ಕೇಳ್ಬೇಕಾ?" ಎಂದು ಕ್ಲೈಂಟ್ ಕಡೆಯ ಮ್ಯಾನೇಜರ್ ಹೇಳಿದರೆ ಅದು ಅನುಮತಿಯಲ್ಲ. ಅವರು ಯಾವುದಕ್ಕೆ ಹೂಂ ಅಂದರು ಎಂದು ನಿಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಕಂಪನಿಯ ಹೆಸರು ಹಾಕುವುದಕ್ಕೋ, ಲೋಗೋ ಬಳಸುವುದಕ್ಕೋ, ಒಳಗಿನ ಅಂಕಿಗಳನ್ನು ಊರಿಗೆಲ್ಲ ಹೇಳುವುದಕ್ಕೋ? ಹಾಗೆ ಹೇಳುವ ಅಧಿಕಾರ ಅವರಿಗೆ ಇದೆಯೋ ಇಲ್ಲವೋ, ಅದು ಇನ್ನೊಂದು ಪ್ರಶ್ನೆ. ಕೇಸ್ ಸ್ಟಡಿ ಪ್ರಕಟವಾದ ಮೇಲೆ ಬರುವ ತಕರಾರುಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಬಾಯಿಮಾತಿನ "ಹೂಂ"ನಿಂದಲೇ.

ಅನುಮತಿ ಅನ್ನುವುದು ಒಂದೇ ಉತ್ತರವಲ್ಲ. ಹೆಸರು, ಲೋಗೋ, ಅಂಕಿ, ಫೋಟೋ, ಹೇಳಿಕೆ ಹೀಗೆ ಒಂದೊಂದಕ್ಕೂ ಬೇರೆ ಬೇರೆ ಒಪ್ಪಿಗೆ ಬೇಕು, ಅದೂ ಸರಿಯಾದ ಮನುಷ್ಯನಿಂದ. ಇದನ್ನು ಒಂದು ಕೆಲಸದ ಮೂಲಕವೇ ನೋಡೋಣ. ಮಲೆನಾಡಿನ ಅಂಚಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ, ಅಂದರೆ ಬೆಳೆಗಾರರು ತಂದ ಕಾಫಿಯ ಸಿಪ್ಪೆ ತೆಗೆದು ಹಸನು ಮಾಡುವ ಘಟಕಕ್ಕೆ, ಸಣ್ಣ ಸಾಫ್ಟ್‌ವೇರ್ ಸಂಸ್ಥೆಯೊಂದು ಮಾಡಿಕೊಟ್ಟ ವ್ಯವಸ್ಥೆ ಅದು. ಲಾರಿ ಗೇಟಿಗೆ ಬಂದ ಕೂಡಲೇ ನೋಂದಣಿ, ವೇಬ್ರಿಡ್ಜ್ ತೂಕ ತಾನಾಗಿಯೇ ದಾಖಲಾಗುವುದು, ಪ್ರತಿ ಬೆಳೆಗಾರರ ಕಾಫಿಗೆ ಲಾಟ್ ನಂಬರು, ತೂಕದ ಚೀಟಿಯ ಪ್ರತಿ ಬೆಳೆಗಾರರ ವಾಟ್ಸಾಪ್‌ಗೆ. ಆ ಕ್ಯೂರಿಂಗ್ ವರ್ಕ್ಸ್‌ನ ಹೆಸರು ಇಲ್ಲಿ ಬರೆಯುತ್ತಿಲ್ಲ. ಅವರು ಕೊಟ್ಟ ಅನುಮತಿ ಆ ಒಂದು ಕೇಸ್ ಸ್ಟಡಿಗೆ ಮಾತ್ರ, ಈ ಬರಹಕ್ಕಲ್ಲ.

ಮೊದಲು ಹಳೆಯ ಕಾಗದ ತೆಗೆದು ಓದಿ

ಕ್ಲೈಂಟ್‌ಗೆ ಫೋನ್ ಮಾಡುವ ಮೊದಲು, ಕೆಲಸ ಶುರುವಾಗುವಾಗ ಸಹಿ ಹಾಕಿದ ಕಾಗದಗಳನ್ನೆಲ್ಲ ಒಂದು ಕಡೆ ಇಟ್ಟುಕೊಳ್ಳಿ. ಅಲ್ಲಿ ಎರಡು ವಿಷಯ ಹುಡುಕಬೇಕು. ಒಂದು, ಗೋಪ್ಯತೆಯ ಷರತ್ತು: ಏನೇನು ಗುಟ್ಟು, ಎಷ್ಟು ವರ್ಷ ಗುಟ್ಟು, ಕೆಲಸ ಮುಗಿದ ಮೇಲೂ ಮುಂದುವರಿಯುತ್ತದೆಯೇ. ಇನ್ನೊಂದು, ಪ್ರಚಾರದ ಷರತ್ತು: "ಲಿಖಿತ ಒಪ್ಪಿಗೆ ಇಲ್ಲದೆ ನಮ್ಮ ಹೆಸರನ್ನು ಎಲ್ಲಿಯೂ ಬಳಸುವಂತಿಲ್ಲ" ಎನ್ನುವ ಸಾಲು. ದೊಡ್ಡ ಕಂಪನಿಗಳ ಒಪ್ಪಂದದಲ್ಲಿ ಇದು ಹೆಚ್ಚು ಕಡಿಮೆ ಇದ್ದೇ ಇರುತ್ತದೆ.

"ನಮ್ಮದು ಸಣ್ಣ ಕೆಲಸ, ಒಪ್ಪಂದವೇ ಇರಲಿಲ್ಲ" ಅನ್ನುವವರು ಪರ್ಚೇಸ್ ಆರ್ಡರ್‌ನ ಹಿಂಬದಿ ತಿರುಗಿಸಿ ನೋಡಿ. ಸಣ್ಣ ಅಕ್ಷರದ ಷರತ್ತುಗಳು ಅಲ್ಲಿರುತ್ತವೆ. ಆ ಆರ್ಡರ್ ಒಪ್ಪಿ ಕೆಲಸ ಮಾಡಿ ದುಡ್ಡು ಪಡೆದಿದ್ದರೆ, ಆ ಷರತ್ತುಗಳು ನಮಗೆ ಅನ್ವಯಿಸುವುದಿಲ್ಲ ಎಂದು ವಾದಿಸುವುದು ಕಷ್ಟ.

ಕಾಗದದಲ್ಲಿ ಯಾವ ನಿಷೇಧವೂ ಇಲ್ಲದಿದ್ದರೂ ಕೇಳಿಯೇ ಪ್ರಕಟಿಸಿ. ಕೆಲಸದ ನಡುವೆ ನಂಬಿಕೆಯಿಂದ ತೋರಿಸಿದ ಲೆಕ್ಕಪತ್ರವನ್ನು ಹೊರಗೆ ಹಾಕಿದರೆ, ಗೋಪ್ಯತೆಯ ಷರತ್ತು ಇರಲಿ ಬಿಡಲಿ, ಮುಂದಿನ ಕೆಲಸವಂತೂ ಬರುವುದಿಲ್ಲ. ಸಾಧ್ಯವಿದ್ದರೆ ಮುಂದಿನ ಒಪ್ಪಂದದಿಂದಲೇ ಒಂದು ಸಾಲು ಸೇರಿಸಿ: "ಕೆಲಸ ಮುಗಿದ ನಂತರ ಇದರ ಬಗ್ಗೆ ಕೇಸ್ ಸ್ಟಡಿ ಬರೆಯಲು ಅನುಮತಿ ಕೇಳಬಹುದು, ಕರಡು ತೋರಿಸಿ ಲಿಖಿತ ಒಪ್ಪಿಗೆ ಪಡೆಯದೆ ಪ್ರಕಟಿಸುವುದಿಲ್ಲ." ಇದರಿಂದ ಅನುಮತಿ ಸಿಕ್ಕಂತಾಗುವುದಿಲ್ಲ. ಆದರೆ ಮುಂದೆ ಕೇಳಿದಾಗ ಯಾರೂ ಹುಬ್ಬೇರಿಸುವುದಿಲ್ಲ.

ಯಾವಾಗ ಕೇಳಬೇಕು

ಕೊನೆಯ ಬಿಲ್ ಪಾವತಿಯಾದ ಮೇಲೆ. ದುಡ್ಡು ಬಾಕಿ ಇರುವಾಗ ಕೇಳಿದರೆ ಎರಡು ವಿಷಯಗಳೂ ಗಂಟು ಬೀಳುತ್ತವೆ. "ಕೇಸ್ ಸ್ಟಡಿಗೆ ಒಪ್ಪುತ್ತೇವೆ, ಬಿಲ್ಲಲ್ಲಿ ಸ್ವಲ್ಪ ನೋಡಿ" ಅನ್ನುವ ಮಾತು ಬರುತ್ತದೆ. ಹಾಗೆ ಸಿಕ್ಕ ಒಪ್ಪಿಗೆಯಲ್ಲಿ ಮನಸ್ಸಿರುವುದಿಲ್ಲ.

ಎರಡನೆಯದಾಗಿ, ಫಲಿತಾಂಶ ಕಾಣಿಸುವಷ್ಟು ಕಾಲ ಕಳೆದಿರಬೇಕು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅದು ಒಂದು ಪೂರ್ತಿ ಸೀಸನ್. ಅರೇಬಿಕಾ ಕೊಯ್ಲು ಶುರುವಾಗಿ ರೋಬಸ್ಟಾ ಮುಗಿದು, ಲಾರಿಗಳ ಸಾಲು ಕರಗುವವರೆಗೂ ಯಾವ ಅಂಕಿಯನ್ನೂ ನಂಬುವಂತಿಲ್ಲ. ಜನವರಿಯಲ್ಲಿ ಗೇಟಿನ ಮುಂದೆ ಲಾರಿ ನಿಂತಿರುವಾಗ ಮಾಲೀಕರಿಗೆ ನಿಮ್ಮ ಪತ್ರ ಓದಲು ಪುರುಸೊತ್ತೂ ಇರುವುದಿಲ್ಲ. ಮಳೆ ಹಿಡಿದ ಮೇಲೆ, ಜೂನ್-ಜುಲೈನಲ್ಲಿ ಕೇಳಿದರೆ ಕೂತು ಮಾತಾಡುತ್ತಾರೆ. ನಿಮ್ಮ ಕ್ಲೈಂಟ್ ಲೆಕ್ಕಪರಿಶೋಧಕರಾದರೆ ರಿಟರ್ನ್ ಸಲ್ಲಿಕೆಯ ಕಾಲ, ಶಾಲೆಯಾದರೆ ದಾಖಲಾತಿಯ ಕಾಲ ಬಿಟ್ಟು ಕೇಳಿ.

ಕ್ಲೈಂಟ್ ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಯಾದರೆ ಇನ್ನೊಂದು ಎಚ್ಚರಿಕೆ. ಸೆಬಿಯ 2015ರ ಒಳವ್ಯವಹಾರ ನಿಷೇಧ ನಿಯಮಗಳ ಪ್ರಕಾರ, ಷೇರು ಬೆಲೆಯ ಮೇಲೆ ಪರಿಣಾಮ ಬೀರಬಲ್ಲ ಅಪ್ರಕಟಿತ ಮಾಹಿತಿ ಹೊರಗೆ ಹೋಗುವಂತಿಲ್ಲ. "ನಮ್ಮಿಂದ ಇವರ ವೆಚ್ಚ ಇಷ್ಟು ಕೋಟಿ ಇಳಿಯಿತು" ಎನ್ನುವ ಸಾಲು ತ್ರೈಮಾಸಿಕ ಫಲಿತಾಂಶಕ್ಕೆ ಮೊದಲು ಬಂದರೆ ಅವರ ಕಾನೂನು ವಿಭಾಗ ಗಾಬರಿಯಾಗುತ್ತದೆ. ಅಂಥ ಕಂಪನಿಗಳಲ್ಲಿ ರೂಪಾಯಿ ಲೆಕ್ಕವನ್ನು ಬಿಟ್ಟೇ ಬರೆಯುವುದು ಜಾಣತನ.

ಹೂಂ ಅನ್ನಬೇಕಾದವರು ಯಾರು

ದಿನಾ ನಿಮ್ಮ ಜೊತೆ ಮಾತಾಡಿದವರು ಒಬ್ಬರು, ಒಪ್ಪಿಗೆ ಕೊಡುವವರು ಇನ್ನೊಬ್ಬರು. ನಮ್ಮ ಉದಾಹರಣೆಯಲ್ಲಿ ಕೆಲಸ ಮಾಡಿಸಿಕೊಂಡವರು ಮ್ಯಾನೇಜರ್. ಸಂಸ್ಥೆ ಮೂವರು ಅಣ್ಣತಮ್ಮಂದಿರ ಪಾಲುದಾರಿಕೆ. ಚೆಕ್‌ಗೆ ಸಹಿ ಹಾಕುವವರು ನಡುವಿನವರು, ಆದರೆ ಹೊರಗಿನ ಪ್ರಪಂಚಕ್ಕೆ ಏನು ಹೇಳಬೇಕು ಅನ್ನುವುದು ದೊಡ್ಡವರ ತೀರ್ಮಾನ. ಮ್ಯಾನೇಜರ್ ಕೊಟ್ಟ ಹುರುಪಿನ ಒಪ್ಪಿಗೆಯನ್ನು ನಂಬಿ ಪ್ರಕಟಿಸಿಬಿಟ್ಟರೆ, ದೊಡ್ಡವರಿಗೆ ವಿಷಯ ಗೊತ್ತಾಗುವುದು ಕಾಫಿ ಬೆಳೆಗಾರರ ಸಭೆಯಲ್ಲಿ ಯಾರೋ ಕೇಳಿದಾಗ. ಆಗ ಪೇಚಿಗೆ ಸಿಕ್ಕಿಕೊಳ್ಳುವವರು ನೀವಲ್ಲ, ಆ ಮ್ಯಾನೇಜರ್.

ಆದ್ದರಿಂದ ಮ್ಯಾನೇಜರ್ ಹತ್ತಿರ "ಅನುಮತಿ ಕೊಡ್ತೀರಾ?" ಎಂದು ಕೇಳಬೇಡಿ. "ಇಂಥ ವಿಷಯಕ್ಕೆ ನಿಮ್ಮಲ್ಲಿ ಯಾರು ಹೇಳಬೇಕು? ಅವರ ಹತ್ತಿರ ನಾನೇ ಮಾತಾಡಲಾ, ನೀವು ಒಂದು ಮಾತು ಹಾಕ್ತೀರಾ?" ಎಂದು ಕೇಳಿ. ಈ ಪ್ರಶ್ನೆಗೆ ಅವರು ಮುಜುಗರವಿಲ್ಲದೆ ಉತ್ತರಿಸಬಹುದು, ದಾರಿಯೂ ತೋರಿಸುತ್ತಾರೆ. ದೊಡ್ಡ ಕಂಪನಿಯಲ್ಲಿ ಇದೇ ಸರಪಳಿ ಸ್ವಲ್ಪ ಉದ್ದ: ಕೆಲಸ ಮಾಡಿಸಿದ ವಿಭಾಗ, ಮಾರ್ಕೆಟಿಂಗ್, ಕಾನೂನು ವಿಭಾಗ. ಲೋಗೋ ಬೇಕೆಂದರೆ ಮಾರ್ಕೆಟಿಂಗ್‌ನವರ ಒಪ್ಪಿಗೆ ಬೇರೆಯಾಗಿಯೇ ಬೇಕಾಗುತ್ತದೆ, ಯಾಕೆಂದರೆ ಅದು ಅವರ ಟ್ರೇಡ್‌ಮಾರ್ಕ್. ಹೆಸರನ್ನು ಸುಮ್ಮನೆ ಬರಹದಲ್ಲಿ ಹೇಳುವುದಕ್ಕೂ ಲೋಗೋವನ್ನು ನಿಮ್ಮ ಪುಟದ ನೆತ್ತಿಯ ಮೇಲೆ ಇಡುವುದಕ್ಕೂ ಅವರು ತುಂಬ ವ್ಯತ್ಯಾಸ ಮಾಡುತ್ತಾರೆ.

ಮೊದಲ ಕೋರಿಕೆ

ಬಾಯಿಮಾತಿನಲ್ಲಿ ಮೊದಲು, ಬರಹದಲ್ಲಿ ಆಮೇಲೆ. ಪರಿಚಯವಿಲ್ಲದ ಇಮೇಲ್ ಹಠಾತ್ತನೆ ಬಂದರೆ ಅದು ವಕೀಲರ ಮೇಜಿಗೆ ಹೋಗುತ್ತದೆ, ಅಲ್ಲೇ ಕೂರುತ್ತದೆ. ಎರಡು ನಿಮಿಷ ಫೋನಿನಲ್ಲಿ ವಿಷಯ ಹೇಳಿ, "ಒಂದು ಪತ್ರ ಕಳಿಸ್ತೀನಿ, ನೋಡಿ ಹೇಳಿ" ಎಂದು ಬಿಡಿ. ಆ ಕರೆಯಲ್ಲೇ ಉತ್ತರಕ್ಕೆ ಒತ್ತಾಯಿಸಬೇಡಿ. ಎದುರಿಗೆ ಇಲ್ಲ ಅನ್ನಲು ಸಂಕೋಚಪಟ್ಟು ಹೂಂ ಅಂದವರು ಮುಂದೆ ಕರಡು ಓದದೆ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಾರೆ.

ಪತ್ರ ಹೀಗಿರಬಹುದು:

> ನಮಸ್ಕಾರ ಸರ್,
>
> ಮೊನ್ನೆ ಫೋನಿನಲ್ಲಿ ಹೇಳಿದ ವಿಷಯ. ನಿಮ್ಮಲ್ಲಿ ಮಾಡಿದ ಗೇಟ್ ಮತ್ತು ವೇಬ್ರಿಡ್ಜ್ ವ್ಯವಸ್ಥೆಯ ಬಗ್ಗೆ ಎರಡು ಪುಟದ ಕೇಸ್ ಸ್ಟಡಿ ಬರೆದು ನಮ್ಮ ವೆಬ್‌ಸೈಟ್‌ನಲ್ಲಿ ಹಾಕಬೇಕೆಂದಿದ್ದೇವೆ. ಬೇರೆ ಕ್ಯೂರಿಂಗ್ ವರ್ಕ್ಸ್‌ನವರಿಗೆ ನಮ್ಮ ಕೆಲಸ ತೋರಿಸುವುದೇ ಇದರ ಉದ್ದೇಶ.
>
> ಈಗ ಕೇಳುತ್ತಿರುವುದು ಬರೆಯಲು ಒಪ್ಪಿಗೆ ಮಾತ್ರ. ಬರೆದ ಮೇಲೆ ಪೂರ್ತಿ ಕರಡು ನಿಮಗೆ ಕಳಿಸುತ್ತೇವೆ. ನೀವು ಓದಿ, ತಿದ್ದಿ, ಒಪ್ಪಿದ ಮೇಲೆಯೇ ಪ್ರಕಟಣೆ. ಇಷ್ಟವಾಗದಿದ್ದರೆ ಆ ಹಂತದಲ್ಲೂ ಬೇಡ ಅನ್ನಬಹುದು.
>
> ಬೆಳೆಗಾರರ ಹೆಸರು, ಅವರ ಕಾಫಿಯ ಪ್ರಮಾಣ, ಔಟ್‌ಟರ್ನ್, ನಿಮ್ಮ ದರಗಳು ಇವ್ಯಾವುವೂ ಅದರಲ್ಲಿ ಇರುವುದಿಲ್ಲ.
>
> ನಿಮ್ಮ ಕಡೆಯಿಂದ ಬೇಕಾಗುವುದು ಮ್ಯಾನೇಜರ್ ಅವರ ಜೊತೆ ಅರ್ಧ ಗಂಟೆ ಮಾತು, ಮತ್ತು ಕರಡು ಓದಲು ನಿಮ್ಮ ಸ್ವಲ್ಪ ಸಮಯ. ಜೊತೆಗಿರುವ ಹಾಳೆಯಲ್ಲಿ ಯಾವುದಕ್ಕೆ ಒಪ್ಪಿಗೆ, ಯಾವುದಕ್ಕೆ ಬೇಡ ಎಂದು ಗುರುತು ಮಾಡಿ ಕಳಿಸಿದರೆ ಸಾಕು.

ಪತ್ರದ ಮೂರನೇ ಪ್ಯಾರಾ ಎಲ್ಲಕ್ಕಿಂತ ಮುಖ್ಯ. ಮಾಲೀಕರ ತಲೆಯಲ್ಲಿ ಮೊದಲು ಓಡುವುದು "ನನ್ನ ಯಾವ ಗುಟ್ಟು ಹೊರಗೆ ಹೋಗುತ್ತದೆ?" ಎನ್ನುವುದು. ಕ್ಯೂರಿಂಗ್‌ನಲ್ಲಿ ಅದು ಔಟ್‌ಟರ್ನ್, ಅಂದರೆ ಬೆಳೆಗಾರ ತಂದ ಕಾಫಿಯಿಂದ ಸಿಪ್ಪೆ ತೆಗೆದ ಮೇಲೆ ಎಷ್ಟು ಕ್ಲೀನ್ ಕಾಫಿ ಸಿಕ್ಕಿತು ಎಂಬ ಲೆಕ್ಕ. ಬೆಳೆಗಾರನಿಗೆ ಸಿಗುವ ದುಡ್ಡು ಅದರ ಮೇಲೆ ನಿಂತಿದೆ. ಒಬ್ಬರ ಔಟ್‌ಟರ್ನ್ ಇನ್ನೊಬ್ಬರಿಗೆ ಗೊತ್ತಾದರೆ "ನನಗ್ಯಾಕೆ ಕಡಿಮೆ?" ಎಂಬ ಜಗಳ ಶುರು. ನಿಮ್ಮ ಕ್ಲೈಂಟ್‌ನ ಉದ್ಯಮದಲ್ಲಿ ಇಂಥ ನೋವಿನ ಜಾಗ ಯಾವುದು ಎಂದು ಕಂಡುಕೊಂಡು, ಅದನ್ನು ಮುಟ್ಟುವುದಿಲ್ಲ ಎಂದು ಹೆಸರಿಸಿಯೇ ಹೇಳಿ. "ನಿಮ್ಮ ಗೋಪ್ಯ ಮಾಹಿತಿ ಕಾಪಾಡುತ್ತೇವೆ" ಎಂಬ ಒಣ ಮಾತಿನಿಂದ ಯಾರಿಗೂ ಸಮಾಧಾನವಾಗುವುದಿಲ್ಲ.

ಒಪ್ಪಿಗೆಗೆ ಬದಲಾಗಿ ರಿಯಾಯಿತಿ ಕೊಡಬೇಕೆ ಎಂದು ಕೆಲವರು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬೇಡ. ದುಡ್ಡಿಗೆ ಬಂದ ಹೊಗಳಿಕೆ ಎಂದು ಗೊತ್ತಾದರೆ ಓದುವವರು ನಂಬುವುದಿಲ್ಲ, ಗೊತ್ತಾಗದಂತೆ ಮುಚ್ಚಿಟ್ಟರೆ ಅದು ಮೋಸ.

ಅನುಮತಿ ಹಾಳೆ

ಪತ್ರದ ಜೊತೆ ಹೋಗುವ ಈ ಒಂದು ಪುಟ ಇಡೀ ಕೆಲಸದ ಬೆನ್ನೆಲುಬು. ಪ್ರತಿ ಸಾಲಿನ ಮುಂದೆ "ಒಪ್ಪಿಗೆ", "ಬೇಡ", "ಕರಡು ನೋಡಿ ಹೇಳುತ್ತೇವೆ" ಎಂಬ ಮೂರು ಖಾನೆ. ಮೂರನೆಯದು ಇರಲೇಬೇಕು. ಅದಿಲ್ಲದಿದ್ದರೆ ಅನುಮಾನವಿರುವವರು "ಬೇಡ"ಕ್ಕೇ ಗುರುತು ಹಾಕುತ್ತಾರೆ.

- ಸಂಸ್ಥೆಯ ಹೆಸರು ಮತ್ತು ಊರು
- ಲೋಗೋ
- ಕೆಲಸದ ಮೊದಲಿನ ಮತ್ತು ನಂತರದ ಅಂಕಿಗಳು
- ಆವರಣದ, ಯಂತ್ರಗಳ ಫೋಟೋ
- ಸಿಬ್ಬಂದಿಯ ಹೆಸರು, ಹುದ್ದೆ, ಮುಖ
- ನೇರ ಹೇಳಿಕೆ
- ಎಲ್ಲಿ ಬಳಕೆ: ನಮ್ಮ ವೆಬ್‌ಸೈಟ್, ಲಿಂಕ್ಡ್‌ಇನ್ ಮುಂತಾದ ಜಾಲತಾಣ, ಮುದ್ರಿತ ಕರಪತ್ರ, ಹೊಸ ಗ್ರಾಹಕರಿಗೆ ತೋರಿಸುವ ಪ್ರೆಸೆಂಟೇಶನ್
- ಎಷ್ಟು ಕಾಲ, ಮತ್ತು ತೆಗೆಯಿರಿ ಎಂದರೆ ಎಷ್ಟು ದಿನದೊಳಗೆ ತೆಗೆಯುತ್ತೇವೆ

ಕೊನೆಯ ಎರಡು ಸಾಲುಗಳನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕ್ಲೈಂಟ್‌ಗೆ ಸೇರಿದ ಫೋಟೋ ಅಥವಾ ಚಿತ್ರ ಬಳಸುವಾಗ ಹಾಗೆ ಬಿಟ್ಟದ್ದೇ ತೊಂದರೆಯಾಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅಂಥ ಬಳಕೆಯ ಪರವಾನಗಿ ಬರಹದಲ್ಲಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದೂ ಕಾಯ್ದೆ ಭಾವಿಸುತ್ತದೆ. ವೆಬ್‌ಸೈಟ್ ಭಾರತದ ಗಡಿಯಲ್ಲಿ ನಿಲ್ಲುವುದಿಲ್ಲವಲ್ಲ. ಹಾಗಾಗಿ "ಮೂರು ವರ್ಷ, ಜಗತ್ತಿನೆಲ್ಲೆಡೆ, ಆಮೇಲೆ ಮತ್ತೆ ಕೇಳುತ್ತೇವೆ" ಎಂದು ಸ್ಪಷ್ಟವಾಗಿ ಬರೆದುಬಿಡಿ. ನಮ್ಮ ಉದಾಹರಣೆಯಲ್ಲಿ ತೆಗೆಯಲು ಏಳು ದಿನ ಎಂದಿತ್ತು. ತೆಗೆಯುವ ದಾರಿ ಇದೆ ಎಂದು ಗೊತ್ತಿದ್ದರೆ ಒಪ್ಪುವುದೂ ಸುಲಭ.

ಇದಕ್ಕೆಲ್ಲ ಸ್ಟಾಂಪ್ ಪೇಪರ್ ತರಬೇಕಾಗಿಲ್ಲ. ಒಪ್ಪಂದ ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತು ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ ಎಂದು 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ವಿಧಿ ಹೇಳುತ್ತದೆ. ಇಮೇಲ್ ಸಾಕು. ವಾಟ್ಸಾಪ್‌ನಲ್ಲಿ ಬಂದರೆ ಅದನ್ನೇ ಉಲ್ಲೇಖಿಸಿ "ಇವತ್ತು ನೀವು ಹೀಗೆ ಒಪ್ಪಿದ್ದೀರಿ" ಎಂದು ಒಂದು ಇಮೇಲ್ ಹಾಕಿಡಿ. ಫೋನ್ ಬದಲಾದಾಗ ಮಾಯವಾಗುವ ಸಂದೇಶದ ಮೇಲೆ ಅನುಮತಿ ನಿಲ್ಲಬಾರದು.

ಅಂಕಿಗಳು: ಇಲ್ಲೇ ಎಳೆದಾಟ

ನಮ್ಮ ಉದಾಹರಣೆಯಲ್ಲಿ ಹೇಳಬೇಕೆಂದಿದ್ದ ಮುಖ್ಯ ಫಲಿತಾಂಶ ಇದು: ಲಾರಿ ಗೇಟಿನೊಳಗೆ ಬಂದು, ತೂಗಿ, ಇಳಿಸಿ, ಚೀಟಿ ಪಡೆದು ಹೊರಹೋಗಲು ಮೊದಲು ಸರಾಸರಿ 130 ನಿಮಿಷ ಹಿಡಿಯುತ್ತಿತ್ತು, ಆಮೇಲೆ 75 ನಿಮಿಷ. ಮೊದಲನೆಯದು ಹಿಂದಿನ ಸೀಸನ್‌ನ ಗೇಟ್ ರಿಜಿಸ್ಟರ್‌ನಲ್ಲಿ ಕಾವಲುಗಾರ ಬರೆದ ಒಳ-ಹೊರ ಸಮಯಗಳಿಂದ, ಎರಡನೆಯದು ಹೊಸ ವ್ಯವಸ್ಥೆಯ ದಾಖಲೆಯಿಂದ. ಎರಡೂ ಫೆಬ್ರವರಿ ತಿಂಗಳವು, ಒತ್ತಡ ಹೆಚ್ಚಿರುವ ಕಾಲದವು.

ಕರಡು ಹೋದ ಮೇಲೆ ಮೂರು ಮಾತು ಬಂದವು. ಮೂರನ್ನೂ ನಿಭಾಯಿಸಿದ ರೀತಿ ಬೇರೆ ಬೇರೆ.

ದೊಡ್ಡವರು ಹೇಳಿದ್ದು: "130 ನಿಮಿಷ ಅಂತ ಹಾಕಿದ್ರೆ ನಮ್ಮಲ್ಲಿ ಎರಡು ಗಂಟೆ ಲಾರಿ ಕಾಯಿಸ್ತಾರೆ ಅಂತ ಆಗಲ್ವೇ?" ನ್ಯಾಯವಾದ ಮಾತು. ಅಂಕಿ ಹಳೆಯದಾದರೂ ಪ್ರತಿಸ್ಪರ್ಧಿಗಳು ಅದನ್ನೇ ತೋರಿಸುತ್ತಾರೆ. ಪರಿಹಾರ ಸುಲಭ. ನಿಮಿಷಗಳನ್ನು ತೆಗೆದು, ಕಡಿಮೆಯಾದ ಪ್ರಮಾಣವನ್ನಷ್ಟೇ ಇಟ್ಟುಕೊಳ್ಳುವುದು. 130ರಲ್ಲಿ 55 ನಿಮಿಷ ಉಳಿದರೆ ಅದು ಶೇ 42.

ಆಗ ಮ್ಯಾನೇಜರ್, "ಶೇ 42 ಯಾಕೆ, ಅರ್ಧಕ್ಕರ್ಧ ಅಂತಲೇ ಹಾಕಿ, ಚೆನ್ನಾಗಿರುತ್ತೆ" ಎಂದರು. ಇದಕ್ಕೆ ಒಪ್ಪಬಾರದು. ಕ್ಲೈಂಟೇ ಹೇಳಿದರು ಅನ್ನುವುದು ರಕ್ಷಣೆಯಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತಿನ ಬಗ್ಗೆ ಕಟ್ಟುನಿಟ್ಟಾಗಿದೆ, ಕೇಸ್ ಸ್ಟಡಿಯ ಸಾಲು ನಾಳೆ ಜಾಹೀರಾತಾಗಿಯೂ ಬಳಕೆಯಾಗುತ್ತದೆ. "ಅಳತೆಯ ಲೆಕ್ಕ ನಮ್ಮಲ್ಲಿ ಶೇ 42 ಇದೆ ಸಾರ್, ಯಾರಾದರೂ ಕೇಳಿದರೆ ತೋರಿಸಬೇಕಾಗುತ್ತದೆ" ಎಂದರೆ ಅರ್ಥಮಾಡಿಕೊಳ್ಳುತ್ತಾರೆ.

ಮೂರನೆಯದು ನಡುವಿನವರ ಮಾತು, ಎಲ್ಲಕ್ಕಿಂತ ಬೆಲೆಯುಳ್ಳದ್ದು: "ಈ ವರ್ಷವೇ ಅಲ್ವಾ ನಾವು ಇಳಿಸೋಕೆ ಎರಡನೇ ಜಾಗ ಕಟ್ಟಿದ್ದು?" ಅಂದರೆ ಉಳಿದ ಸಮಯ ಪೂರ್ತಿ ಸಾಫ್ಟ್‌ವೇರ್‌ನದಲ್ಲ. ಕರಡಿನಲ್ಲಿ ಆ ವಿಷಯವೇ ಇರಲಿಲ್ಲ. ಕೊನೆಗೆ ಸಾಲು ಹೀಗಾಯಿತು: "ಹೊಸ ವ್ಯವಸ್ಥೆ ಮತ್ತು ಅದೇ ವರ್ಷ ಕಟ್ಟಿದ ಎರಡನೇ ಇಳಿಸುವ ಜಾಗ ಇವೆರಡರಿಂದ ಫೆಬ್ರವರಿಯಲ್ಲಿ ಲಾರಿಯ ಸರಾಸರಿ ಸಮಯ ಶೇ 42 ಕಡಿಮೆಯಾಯಿತು." ಹೊಳಪು ಕಡಿಮೆಯಾದರೂ ಈ ಸಾಲು ಯಾವ ಕ್ಯೂರಿಂಗ್ ಮಾಲೀಕರ ಮುಂದೆಯೂ ನಿಲ್ಲುತ್ತದೆ, ಯಾಕೆಂದರೆ ಅವರೂ ಅದೇ ಪ್ರಶ್ನೆ ಕೇಳುವವರೇ. ಕರಡನ್ನು ಕ್ಲೈಂಟ್ ಓದಬೇಕಾಗಿರುವುದು ಗುಟ್ಟು ಕಾಯುವುದಕ್ಕಷ್ಟೇ ಅಲ್ಲ, ಇಂಥ ತಪ್ಪು ಹಿಡಿಯುವುದಕ್ಕೂ.

ಕ್ಲೈಂಟ್ ಒಪ್ಪಿದರೂ ಬಳಸಲಾಗದ ಅಂಕಿಗಳೂ ಇವೆ. ಬೆಳೆಗಾರರ ಲಾಟ್, ಪ್ರಮಾಣ, ಔಟ್‌ಟರ್ನ್ ಇವು ಕ್ಯೂರಿಂಗ್ ವರ್ಕ್ಸ್‌ನ ಕಂಪ್ಯೂಟರಿನಲ್ಲಿದ್ದರೂ ಅವರದೊಬ್ಬರದೇ ಅಲ್ಲ. ಆಸ್ಪತ್ರೆಯ ರೋಗಿಗಳು, ಶಾಲೆಯ ಮಕ್ಕಳು, ಅಂಗಡಿಯ ಗಿರಾಕಿಗಳು ಹೀಗೆ ಕ್ಲೈಂಟ್‌ನ ಹಿಂದೆ ನಿಂತಿರುವ ಜನರ ವಿವರಕ್ಕೆ ಕ್ಲೈಂಟ್‌ನ ಸಹಿ ಸಾಲದು.

ಫೋಟೋ ಮತ್ತು ಸ್ಕ್ರೀನ್‌ಶಾಟ್

ತೂಕದ ಕೋಣೆಯ ಒಂದು ಫೋಟೋವನ್ನು ದೊಡ್ಡದು ಮಾಡಿ ನೋಡಿ. ಮುಂದೆ ಕಂಪ್ಯೂಟರ್, ಪಕ್ಕದಲ್ಲಿ ಮ್ಯಾನೇಜರ್ ನಗುತ್ತಿದ್ದಾರೆ, ಚೆನ್ನಾಗಿದೆ. ಆದರೆ ಕಿಟಕಿಯಾಚೆ ಲಾರಿಯ ನಂಬರ್ ಪ್ಲೇಟ್, ಮೇಜಿನ ಮೇಲೆ ಮೊಳೆಗೆ ಚುಚ್ಚಿಟ್ಟ ತೂಕದ ಚೀಟಿಗಳ ಕಟ್ಟು, ಮೇಲಿನ ಚೀಟಿಯಲ್ಲಿ ಎಸ್ಟೇಟಿನ ಹೆಸರು ಮತ್ತು ಮೂಟೆಗಳ ಸಂಖ್ಯೆ. ಗೋಡೆಯ ಬಿಳಿ ಹಲಗೆಯಲ್ಲಿ ಆವತ್ತಿನ ದರ. ಫೋಟೋ ತೆಗೆಯುವ ಮೊದಲೇ ಚೀಟಿ ಎತ್ತಿಟ್ಟು ಹಲಗೆ ಒರೆಸುವುದು ಐದು ನಿಮಿಷದ ಕೆಲಸ. ಆಮೇಲೆ ಮಬ್ಬು ಮಾಡುತ್ತಾ ಕೂತರೆ ಒಂದಲ್ಲ ಒಂದು ಉಳಿದೇ ಉಳಿಯುತ್ತದೆ. ಸ್ಕ್ರೀನ್‌ಶಾಟ್‌ಗೆ ನಿಜವಾದ ದತ್ತಾಂಶ ಬಳಸಲೇಬೇಡಿ. ನಕಲಿ ಹೆಸರು, ನಕಲಿ ತೂಕ ತುಂಬಿದ ಬೇರೆ ಖಾತೆಯೊಂದನ್ನು ಮಾಡಿ ಅದರಿಂದ ತೆಗೆಯಿರಿ.

ಫೋಟೋ ಯಾರದು ಎಂಬುದನ್ನೂ ನೋಡಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದು. ನೀವು ಫೋಟೋಗ್ರಾಫರ್ ಕರೆಸಿ ಹಣ ಕೊಟ್ಟಿದ್ದರೆ ನಿಮ್ಮದು, ಕ್ಲೈಂಟ್ ಕೊಟ್ಟಿದ್ದರೆ ಅವರದು. ಮಾಲೀಕರ ಮಗ ಹವ್ಯಾಸಕ್ಕೆ ಡ್ರೋನ್ ಹಾರಿಸಿ ತೆಗೆದ ಅಂಗಳದ ಚಿತ್ರ ಅವನದು, ಅವನನ್ನೇ ಕೇಳಿ.

ಮ್ಯಾನೇಜರ್ ಮುಖಕ್ಕೆ ಮ್ಯಾನೇಜರ್ ಒಪ್ಪಿಗೆಯೇ ಬೇಕು, ಮಾಲೀಕರದ್ದು ಸಾಲದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವ ಒಪ್ಪಿಗೆ ಸ್ವಇಚ್ಛೆಯದ್ದು, ನಿರ್ದಿಷ್ಟ ಉದ್ದೇಶದ್ದು; ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳಲೂ ಬರಬೇಕು. ಕೂಲಿ ಕೆಲಸದ ಹೆಂಗಸರು ಕಾಫಿ ಆರಿಸುತ್ತಿರುವ ಚಿತ್ರ ಎಷ್ಟೇ ಚೆಂದ ಬಂದಿದ್ದರೂ, ಮಾಲೀಕರ ಎದುರಿಗೆ ನಿಂತು ಅವರನ್ನು "ಹಾಕಬಹುದಾ?" ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಅಂಥದ್ದನ್ನು ಬಿಟ್ಟುಬಿಡುವುದೇ ಸರಿ ಎಂದು ನನಗನಿಸುತ್ತದೆ.

ಹೇಳಿಕೆ

ಹೇಳಿಕೆಯನ್ನು ನೀವೇ ಬರೆದು "ಇದಕ್ಕೆ ಸಹಿ ಹಾಕಿ" ಎಂದು ಕಳಿಸುವ ಚಾಳಿ ಬೇಡ. ಎಲ್ಲರ ಬಾಯಲ್ಲೂ ಒಂದೇ ಮಾತು ಬರುತ್ತದೆ. ಕೇಳಿ ರೆಕಾರ್ಡ್ ಮಾಡಿ (ರೆಕಾರ್ಡ್ ಮಾಡುತ್ತಿದ್ದೇನೆ ಎಂದು ಹೇಳಿಯೇ), ಅವರ ಮಾತಿನಲ್ಲಿ ಬೇಕಾದ ಒಂದೆರಡು ಸಾಲು ಆರಿಸಿ, ಮತ್ತೆ ತೋರಿಸಿ. "ಮೊದ್ಲು ಚೀಟಿ ಕಳ್ಕೊಂಡೆ ಅಂತ ದಿನಾ ಫೋನ್ ಬರ್ತಿತ್ತು, ಈಗ ಮೊಬೈಲ್ ನೋಡ್ಕೊಳ್ಳಿ ಅಂತೀನಿ" ಎಂಬ ಮಾತನ್ನು "ಗ್ರಾಹಕ ಸಂವಹನ ಗಣನೀಯವಾಗಿ ಸುಧಾರಿಸಿದೆ" ಎಂದು ತಿದ್ದಿದರೆ ಮನುಷ್ಯನೇ ಮಾಯ.

ಕರಡು, ತಿದ್ದುಪಡಿ, ಅಂತಿಮ ಒಪ್ಪಿಗೆ

ಕರಡನ್ನು ಪ್ರಕಟವಾಗುವ ರೂಪದಲ್ಲೇ ಕಳಿಸಿ: ಶೀರ್ಷಿಕೆ, ಫೋಟೋ, ಫೋಟೋದ ಅಡಿಬರಹ, ಲೋಗೋ ಕೂರುವ ಜಾಗ, ಜಾಲತಾಣದಲ್ಲಿ ಹಾಕುವ ಎರಡು ಸಾಲು ಎಲ್ಲ ಸೇರಿ ಒಂದೇ ಪಿಡಿಎಫ್. ಬರಹ ಮಾತ್ರ ಕಳಿಸಿ ಒಪ್ಪಿಗೆ ಪಡೆದು, ಆಮೇಲೆ "ಎರಡು ಗಂಟೆ ಕಾಯುತ್ತಿದ್ದ ಲಾರಿಗಳು" ಎಂಬ ತಲೆಬರಹ ಇಟ್ಟರೆ ಕ್ಲೈಂಟ್‌ಗೆ ಮೋಸಹೋದಂತೆ ಅನಿಸುತ್ತದೆ. ಅವರಿಗೆ ಹಾಗನಿಸುವುದು ಸರಿಯೇ.

ಫೈಲಿನ ಹೆಸರಲ್ಲಿ ಆವೃತ್ತಿಯೂ ದಿನಾಂಕವೂ ಇರಲಿ:

```
curing-casestudy_v1_2025-07-02.pdf
curing-casestudy_v2_2025-07-14.pdf
curing-casestudy_v3_FINAL_2025-07-21.pdf
```

ಕ್ಲೈಂಟ್ ಕಡೆಯಿಂದ ಒಬ್ಬರೇ ತಿದ್ದುಪಡಿಗಳನ್ನು ಒಟ್ಟುಗೂಡಿಸಿ ಕಳಿಸುವಂತೆ ಕೇಳಿಕೊಳ್ಳಿ. ಮೂವರು ಪಾಲುದಾರರೂ ಬೇರೆ ಬೇರೆ ವಾಟ್ಸಾಪ್ ಕಳಿಸಿದರೆ ಒಬ್ಬರು ತೆಗೆಸಿದ್ದನ್ನು ಇನ್ನೊಬ್ಬರು ಸೇರಿಸುತ್ತಾರೆ. ಎರಡು ಸುತ್ತು ತಿದ್ದುಪಡಿ ಎಂದು ಮೊದಲೇ ಹೇಳಿಡಿ. ಸತ್ಯಕ್ಕೆ, ಗೋಪ್ಯತೆಗೆ ಸಂಬಂಧಿಸಿದ ತಿದ್ದುಪಡಿಯನ್ನು ಮರುಮಾತಿಲ್ಲದೆ ಮಾಡಿ. ಬರವಣಿಗೆಯ ಶೈಲಿಯ ಬಗ್ಗೆ ಬಂದರೆ ವಾದಿಸಬಹುದು, ಆದರೆ ಗೆಲ್ಲಲೇಬೇಕೆಂಬ ಹಟ ಬೇಡ.

ಉತ್ತರ ಬಾರದಿದ್ದರೆ? "ಏಳು ದಿನದೊಳಗೆ ಉತ್ತರಿಸದಿದ್ದರೆ ಒಪ್ಪಿಗೆ ಎಂದು ಭಾವಿಸುತ್ತೇವೆ" ಎಂಬ ಸಾಲನ್ನು ಕೆಲವರು ಬರೆಯುತ್ತಾರೆ. ಬರೆಯಬೇಡಿ. ಮೌನ ಸಮ್ಮತಿಯಲ್ಲ. ಹತ್ತು ದಿನ ಬಿಟ್ಟು ಒಂದು ನೆನಪೋಲೆ, ಇನ್ನೆರಡು ವಾರ ಬಿಟ್ಟು ಒಂದು ಫೋನ್. ಆ ಫೋನಿನಲ್ಲಿ "ಯಾವ ಭಾಗ ಅಡ್ಡ ಬರ್ತಿದೆ ಸಾರ್? ಅದನ್ನ ತೆಗೆದುಬಿಡೋಣ" ಎಂದು ಕೇಳಿ. ತಡವಾಗುವುದು ಇಡೀ ಬರಹದಿಂದಲ್ಲ, ಬಹುತೇಕ ಒಂದೇ ಒಂದು ಸಾಲಿನಿಂದ. ಅದಕ್ಕೂ ಜಗ್ಗದಿದ್ದರೆ ಆರು ತಿಂಗಳು ಬಿಟ್ಟುಬಿಡಿ.

ಅಂತಿಮ ಒಪ್ಪಿಗೆಯ ಇಮೇಲ್‌ನಲ್ಲಿ ಫೈಲಿನ ಹೆಸರು ಬರಬೇಕು. ಕ್ಲೈಂಟ್‌ಗೆ ಕಷ್ಟವಾಗದಂತೆ ಆ ಸಾಲನ್ನು ನೀವೇ ಕೊಡಿ: "`curing-casestudy_v3_FINAL_2025-07-21.pdf` ಇದರಲ್ಲಿರುವಂತೆ ಪ್ರಕಟಿಸಲು ಸಂಸ್ಥೆಯ ಪರವಾಗಿ ಒಪ್ಪಿಗೆ ಇದೆ ಎಂದು ಉತ್ತರಿಸಿದರೆ ಸಾಕು." ಬಂದ ಉತ್ತರವನ್ನೂ ಆ ಪಿಡಿಎಫ್‌ನ್ನೂ ಒಂದೇ ಫೋಲ್ಡರಿನಲ್ಲಿಡಿ. ಇದಾದ ಮೇಲೆ ಕಾಗುಣಿತ ಬಿಟ್ಟು ಬೇರೇನು ತಿದ್ದಿದರೂ ಮತ್ತೆ ಕೇಳಬೇಕು.

ಬೇಡ ಅಂದರೆ

ಪೂರ್ತಿ ಬೇಡ ಅನ್ನುವವರು ಕಡಿಮೆ, "ಹೆಸರು ಬೇಡ" ಅನ್ನುವವರೇ ಹೆಚ್ಚು. ಹೆಸರಿಲ್ಲದ ಕೇಸ್ ಸ್ಟಡಿಯೂ ಉಪಯೋಗಕ್ಕೆ ಬರುತ್ತದೆ, ಆದರೆ ಹೆಸರು ತೆಗೆದ ಮಾತ್ರಕ್ಕೆ ಗುರುತು ಹೋಗುವುದಿಲ್ಲ. ಊರು, ಪಾಲುದಾರ ಸಹೋದರರು, ಹೊಸದಾಗಿ ಕಟ್ಟಿದ ಇಳಿಸುವ ಜಾಗ ಇಷ್ಟು ಹೇಳಿದರೆ ಆ ಸೀಮೆಯ ಯಾವ ಬೆಳೆಗಾರನಾದರೂ ಹೆಸರು ಹೇಳಿಬಿಡುತ್ತಾನೆ. ಕ್ಯೂರಿಂಗ್ ವರ್ಕ್ಸ್‌ಗಳೇನು ಸಾವಿರಾರು ಇಲ್ಲ. ಊರು ಬಿಟ್ಟು "ದಕ್ಷಿಣ ಭಾರತದ ಒಂದು ಕೃಷಿ ಸಂಸ್ಕರಣಾ ಘಟಕ" ಎನ್ನಬೇಕಾಗುತ್ತದೆ, ಕಾಫಿಯ ಮಾತನ್ನೇ ತೆಗೆಯಬೇಕಾಗಬಹುದು. ಪರೀಕ್ಷೆ ಹೀಗೆ ಮಾಡಿ: ಆ ಉದ್ಯಮ ಬಲ್ಲ, ಈ ಕೆಲಸ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಟ್ಟು "ಯಾರಿರಬಹುದು?" ಎಂದು ಕೇಳಿ. ಮೂರು ಊಹೆಯೊಳಗೆ ಸಿಕ್ಕಿಬಿದ್ದರೆ ಇನ್ನೂ ಅಳಿಸಬೇಕು. ಹೆಸರಿಲ್ಲದ ಕರಡನ್ನೂ ಕ್ಲೈಂಟ್‌ಗೆ ತೋರಿಸಿಯೇ ಪ್ರಕಟಿಸಿ. ಗೋಪ್ಯತೆಯ ಷರತ್ತು ಹೆಸರಿಗಷ್ಟೇ ಅಲ್ಲ, ಮಾಹಿತಿಗೂ ಇರುತ್ತದೆ.

ಅದೂ ಬೇಡ ಎಂದರೆ ಇನ್ನೊಂದು ಸಣ್ಣ ಸಹಾಯ ಕೇಳಬಹುದು: ಹೊಸ ಗ್ರಾಹಕರು ಯಾರಾದರೂ ವಿಚಾರಿಸಿದರೆ ಫೋನಿನಲ್ಲಿ ಎರಡು ಮಾತು ಹೇಳುತ್ತೀರಾ, ಪ್ರತಿ ಸಲ ನಿಮ್ಮನ್ನು ಕೇಳಿಯೇ ನಂಬರು ಕೊಡುತ್ತೇವೆ ಎಂದು. ಬರಹಕ್ಕೆ ಒಪ್ಪದ ಮಾಲೀಕರು ಇದಕ್ಕೆ ಖುಷಿಯಾಗಿ ಒಪ್ಪುತ್ತಾರೆ, ಮಾತು ಅವರ ಕೈಯಲ್ಲೇ ಇರುತ್ತದಲ್ಲ.

ಪ್ರಕಟಿಸಿದ ಮೇಲೆ

ಅವತ್ತೇ ಲಿಂಕ್ ಕಳಿಸಿ. ಆಮೇಲೆ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಬರೆದಿಡಿ: ಯಾರು ಒಪ್ಪಿದರು, ಯಾವ ಆವೃತ್ತಿಗೆ, ಯಾವ್ಯಾವುದಕ್ಕೆ, ಯಾವಾಗ ಮುಗಿಯುತ್ತದೆ, ಎಲ್ಲೆಲ್ಲಿ ಹಾಕಿದ್ದೇವೆ. ಕೊನೆಯ ಖಾನೆಯೇ ತೆಗೆಯುವಾಗ ಕೆಲಸಕ್ಕೆ ಬರುವುದು. ವೆಬ್‌ಸೈಟ್‌ನಿಂದ ತೆಗೆದು, ಲಿಂಕ್ಡ್‌ಇನ್‌ನ ಹಳೆಯ ಪೋಸ್ಟ್‌ನಲ್ಲೋ ಮಾರಾಟ ವಿಭಾಗದ ಪ್ರೆಸೆಂಟೇಶನ್‌ನಲ್ಲೋ ಉಳಿದುಬಿಟ್ಟರೆ ತೆಗೆದಂತಾಗಲಿಲ್ಲ.

ಮ್ಯಾನೇಜರ್ ಕೆಲಸ ಬಿಟ್ಟು ಪಕ್ಕದ ಕ್ಯೂರಿಂಗ್ ವರ್ಕ್ಸ್ ಸೇರಿದರೆ ಅವರ ಹೇಳಿಕೆ, ಫೋಟೋ ಎರಡನ್ನೂ ಇಟ್ಟುಕೊಳ್ಳಬಹುದೇ ಎಂದು ಅವರನ್ನೂ ಹಳೆಯ ಮಾಲೀಕರನ್ನೂ ಕೇಳಿ. ಇಬ್ಬರಲ್ಲಿ ಒಬ್ಬರು ಬೇಡ ಎಂದರೂ ತೆಗೆಯಿರಿ. ಪಾಲುದಾರಿಕೆ ಒಡೆದರೆ, ಸಂಸ್ಥೆ ಕೈ ಬದಲಾದರೆ ಹೊಸಬರಿಂದ ಹೊಸ ಒಪ್ಪಿಗೆ ತೆಗೆದುಕೊಳ್ಳಿ. ಅದು ಬರುವವರೆಗೆ ಹೆಸರಿರುವ ಪುಟವನ್ನು ಇಳಿಸಿಡಿ. ಅನುಮತಿ ಹಾಳೆಯಲ್ಲಿ ಹೆಸರಿಲ್ಲದ ಆವೃತ್ತಿಗೂ ಮೊದಲೇ ಒಪ್ಪಿಗೆ ಪಡೆದಿದ್ದರೆ, ಆ ಜಾಗದಲ್ಲಿ ಅದನ್ನು ಹಾಕಿಕೊಳ್ಳಬಹುದು.